ಮುಖಪುಟದ ಹೆಸರು, ಪಾಸ್‌ಬುಕ್ಕಿನ ಹೆಸರು

(ಕಾಸರಗೋಡಿನ ಕನ್ನಡ ಬರಹಗಾರರು ಮತ್ತು ಕಲಾವಿದರ ಕೂಟವೊಂದರಲ್ಲಿ ವಕೀಲರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಕಾವ್ಯನಾಮ ಇಟ್ಟುಕೊಳ್ಳುವುದಕ್ಕೆ ನಮ್ಮ ದೇಶದಲ್ಲಿ ಯಾರ ಅನುಮತಿಯೂ ಬೇಕಾಗಿಲ್ಲ. ಎಲ್ಲಿಯೂ ಅರ್ಜಿ ಹಾಕಬೇಕಾಗಿಲ್ಲ, ಶುಲ್ಕ ಕಟ್ಟಬೇಕಾಗಿಲ್ಲ. ಇಂದು ನಿಮಗೆ ಒಂದು ಹೆಸರು ಹೊಳೆದರೆ ನಾಳೆಯೇ ಆ ಹೆಸರಿನಲ್ಲಿ ಪತ್ರಿಕೆಗೆ ಕವಿತೆ ಕಳುಹಿಸಬಹುದು. ತೊಡಕು ಶುರುವಾಗುವುದು ಬರೆದದ್ದಕ್ಕೆ ಹಣ ಬರತೊಡಗಿದಾಗ. ಓದುಗರಿಗೆ ಕಾವ್ಯನಾಮವೇ ಸಾಕು, ಆದರೆ ಬ್ಯಾಂಕಿಗೂ ತೆರಿಗೆ ಇಲಾಖೆಗೂ ಅದು ಯಾರ ಹೆಸರೂ ಅಲ್ಲ. ಈ ಎರಡು ಹೆಸರುಗಳೂ ಒಬ್ಬರವೇ ಎಂದು ಹೇಳುವ ಒಂದು ಕಾಗದ ಮೊದಲ ದಿನವೇ ತಯಾರಾಗಿರಬೇಕು ಎಂಬುದೇ ನನ್ನ ಇಂದಿನ ಮಾತಿನ ಒಟ್ಟು ಸಾರ. ಆ ಕಾಗದ ಇಲ್ಲದಿದ್ದರೆ ಎಲ್ಲೆಲ್ಲಿ ಏನೇನು ಕೆಡುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕವೇ ನೋಡೋಣ.

ಬದಿಯಡ್ಕದ ಕಡೆಯ ಒಬ್ಬ ಟೀಚರ್ ಇದ್ದಾರೆ ಎಂದಿಟ್ಟುಕೊಳ್ಳಿ. ಆಧಾರ್ ಕಾರ್ಡಿನಲ್ಲಿ ಅವರ ಹೆಸರು ಸರಸ್ವತಿ ಕೆ. ಅವರು ಕಥೆ ಬರೆಯುವುದು ‘ಪಯಸ್ವಿನಿ’ ಎಂಬ ಹೆಸರಿನಲ್ಲಿ. ಮಂಗಳೂರಿನ ಪ್ರಕಾಶಕರೊಬ್ಬರು ಅವರ ಕಥಾಸಂಕಲನವನ್ನು ತರಲು ಒಪ್ಪಿ ಒಂದು ಪುಟದ ಪತ್ರ ಕಳುಹಿಸುತ್ತಾರೆ. ಪತ್ರದ ಮೇಲ್ಭಾಗದಲ್ಲಿ ‘ಲೇಖಕಿ ಪಯಸ್ವಿನಿ ಅವರಿಗೆ’ ಎಂದಿದೆ. ಕೆಳಗೆ ಟೀಚರ್ ‘ಪಯಸ್ವಿನಿ’ ಎಂದೇ ಸಹಿ ಹಾಕಿ ಹಿಂದಿರುಗಿಸುತ್ತಾರೆ. ನಮ್ಮ ಕಡೆ ಹೆಚ್ಚಿನ ಒಪ್ಪಂದಗಳು ಆಗುವುದು ಹೀಗೆಯೇ.

ಈ ಒಪ್ಪಂದ ಸಿಂಧುವೇ ಎಂದು ಕೇಳಿದರೆ, ಹೌದು. ಸಹಿ ಹಾಕಿದ ವ್ಯಕ್ತಿ ಯಾರು ಎಂಬುದು ಮುಖ್ಯವೇ ಹೊರತು ಯಾವ ಹೆಸರು ಬರೆದರು ಎಂಬುದಲ್ಲ. ಮೋಸದ ಉದ್ದೇಶವಿಲ್ಲದೆ ತಾನು ಬಳಸುವ ಹೆಸರಿನಲ್ಲಿ ಸಹಿ ಮಾಡಿದ ಮಾತ್ರಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮು ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಹಕ್ಕುದಾರರೋ ಅವರು ಅಧಿಕಾರ ಕೊಟ್ಟ ಪ್ರತಿನಿಧಿಯೋ ಅದಕ್ಕೆ ಸಹಿ ಹಾಕಿರಬೇಕು, ಕೊಡಬೇಕಾದ ರಾಯಲ್ಟಿಯನ್ನು ನಮೂದಿಸಿರಬೇಕು ಎನ್ನುತ್ತದೆ. ಸಹಿ ಆಧಾರ್ ಕಾರ್ಡಿನ ಹೆಸರಿನಲ್ಲಿಯೇ ಇರಬೇಕೆಂದು ಅದು ಹೇಳುವುದಿಲ್ಲ.

ಹಾಗಿದ್ದರೆ ತೊಂದರೆ ಎಲ್ಲಿ? ಸಿಂಧುತ್ವದಲ್ಲಿ ಅಲ್ಲ, ರುಜುವಾತಿನಲ್ಲಿ. ಐದು ವರ್ಷಗಳ ನಂತರ ಪ್ರಕಾಶಕರ ಮಗ ವ್ಯವಹಾರ ವಹಿಸಿಕೊಂಡಿರುತ್ತಾರೆ, ಮರುಮುದ್ರಣವಾಗಿರುತ್ತದೆ, ಟೀಚರ್ ಹಣ ಕೇಳುತ್ತಾರೆ. ‘ನೀವೇ ಪಯಸ್ವಿನಿ ಎಂಬುದಕ್ಕೆ ಏನಿದೆ?’ ಎಂದು ಅವರು ಕೇಳಿದರೆ ಆ ಒಂದು ಪುಟದ ಪತ್ರ ಉತ್ತರ ಕೊಡುವುದಿಲ್ಲ, ಏಕೆಂದರೆ ಸರಸ್ವತಿ ಕೆ. ಎಂಬ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಪ್ರಕಟವಾದ ಪುಸ್ತಕದಲ್ಲಿ ಯಾರ ಹೆಸರು ಲೇಖಕರದೆಂದು ಅಚ್ಚಾಗಿದೆಯೋ ಅವರನ್ನೇ, ತದ್ವಿರುದ್ಧ ಸಾಬೀತಾಗುವವರೆಗೆ, ಲೇಖಕರೆಂದು ನ್ಯಾಯಾಲಯ ಭಾವಿಸಬೇಕು ಎಂದು ಅದೇ ಕಾಯ್ದೆಯ 55ನೆಯ ಕಲಮು ಹೇಳುತ್ತದೆ. ಸ್ವಂತ ಹೆಸರಿನಲ್ಲಿ ಬರೆದವರಿಗೆ ಇದು ದೊಡ್ಡ ಆಸರೆ. ಕಾವ್ಯನಾಮದವರಿಗೆ ಅದರ ಅರ್ಧ ಮಾತ್ರ ಸಿಗುತ್ತದೆ: ಲೇಖಕಿ ‘ಪಯಸ್ವಿನಿ’ ಎಂಬುದು ಸ್ಥಾಪಿತವಾಗುತ್ತದೆ, ಆದರೆ ಪಯಸ್ವಿನಿ ಎಂದರೆ ಯಾರು ಎಂಬುದನ್ನು ನೀವೇ ತೋರಿಸಿಕೊಡಬೇಕು. ಹಳೆಯ ಪತ್ರಗಳು, ಹಸ್ತಪ್ರತಿ, ಸಂಪಾದಕರ ಸಾಕ್ಷ್ಯ, ಪಾಸ್‌ಬುಕ್ಕಿನ ನಮೂದುಗಳು, ಇವುಗಳಿಂದ ತೋರಿಸಲು ಸಾಧ್ಯ. ಆದರೆ ಇಪ್ಪತ್ತೈದು ಸಾವಿರ ರೂಪಾಯಿಯ ರಾಯಲ್ಟಿಗಾಗಿ ಅಷ್ಟೆಲ್ಲ ಮಾಡಲು ಯಾರು ಹೊರಡುತ್ತಾರೆ? ಹೆಚ್ಚಿನವರು ಸುಮ್ಮನಾಗಿಬಿಡುತ್ತಾರೆ, ಮತ್ತು ನನಗೆ ಅತ್ಯಂತ ಬೇಸರ ತರುವ ಸಂಗತಿ ಅದು.

ಇದನ್ನು ತಪ್ಪಿಸಲು ಒಪ್ಪಂದದ ಮೊದಲ ವಾಕ್ಯವೊಂದೇ ಸಾಕು. ನಾನು ಬರೆದುಕೊಡುವುದು ಹೀಗೆ: ‘ಸರಸ್ವತಿ ಕೆ., ತಂದೆಯ ಹೆಸರು ಇಂಥದು, ವಿಳಾಸ ಇಂಥದು, ಪ್ಯಾನ್ ಸಂಖ್ಯೆ ಇಂಥದು, ಪಯಸ್ವಿನಿ ಎಂಬ ಕಾವ್ಯನಾಮದಲ್ಲಿ ಬರೆಯುವವರು, ಈ ಒಪ್ಪಂದದಲ್ಲಿ ಇನ್ನು ಮುಂದೆ ಲೇಖಕಿ ಎಂದು ಕರೆಯಲ್ಪಡುವವರು.’ ಮುಂದೆ ಒಂದು ಕಲಮಿನಲ್ಲಿ, ಕೃತಿಯ ಮುಖಪುಟದಲ್ಲಿಯೂ ಪ್ರಚಾರದಲ್ಲಿಯೂ ಪಯಸ್ವಿನಿ ಎಂಬ ಹೆಸರು ಮಾತ್ರ ಬರಬೇಕು, ಹಣದ ಪಾವತಿಯೆಲ್ಲ ಸರಸ್ವತಿ ಕೆ. ಹೆಸರಿನ ಇಂಥ ಖಾತೆಗೆ ಆಗಬೇಕು ಎಂದು ಸೇರಿಸುತ್ತೇನೆ. ಕೊನೆಯಲ್ಲಿ ಸಹಿ ಬ್ಯಾಂಕಿನಲ್ಲಿ ಇರುವ ಸಹಿಯೇ ಆಗಿರಬೇಕು. ಅದರ ಕೆಳಗೆ ಆವರಣದಲ್ಲಿ ಕಾವ್ಯನಾಮ ಬರೆಯಬಹುದು. ಮುಖಪುಟದಲ್ಲಿ ಯಾವ ಹೆಸರು ಇರಬೇಕು ಎಂಬುದನ್ನು ಒಪ್ಪಂದದಲ್ಲಿ ಹೇಳುವುದು ಕೂಡ ಅಗತ್ಯ. ಕರ್ತೃತ್ವವನ್ನು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು 57ನೆಯ ಕಲಮು ಲೇಖಕರಿಗೆ ಕೊಟ್ಟಿದೆ, ಆದರೆ ಪ್ರಕಾಶಕರು ಮಾರಾಟಕ್ಕೆ ಒಳ್ಳೆಯದೆಂದು ನಿಮ್ಮ ನಿಜವಾದ ಹೆಸರನ್ನೂ ಅಚ್ಚು ಹಾಕಿದ ಮೇಲೆ ಜಗಳವಾಡಿ ಫಲವಿಲ್ಲ.

ಇಲ್ಲಿ ಕಾಸರಗೋಡಿನವರಾದ ನಮಗೆ ಒಂದು ಹೆಚ್ಚಿನ ಕಷ್ಟವಿದೆ. ನಮ್ಮ ನಿಜವಾದ ಹೆಸರೇ ಒಂದಾಗಿರುವುದಿಲ್ಲ. ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ಕೆ. ಸರಸ್ವತಿ, ಆಧಾರಿನಲ್ಲಿ ಇನಿಶಿಯಲ್ ಹಿಂದಕ್ಕೆ ಹೋಗಿ ಸರಸ್ವತಿ ಕೆ., ರೇಷನ್ ಕಾರ್ಡಿನಲ್ಲಿ ಮಲಯಾಳಂ ಲಿಪಿಯಲ್ಲಿ ಬರೆದವರ ಕೈಗೆ ಬಂದಂತೆ ಇನ್ನೊಂದು. ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರಿನ ಜಾಗದಲ್ಲಿ ಬರಿಯ ಇನಿಶಿಯಲ್ ಬರೆಯುವಂತಿಲ್ಲವಾದ್ದರಿಂದ ಅಲ್ಲಿ ಕೆ. ಎಂಬುದು ಮನೆತನದ ಹೆಸರಾಗಿಯೋ ತಂದೆಯ ಹೆಸರಾಗಿಯೋ ಪೂರ್ತಿ ಬಿಡಿಸಿಕೊಂಡಿರುತ್ತದೆ. ಹೀಗೆ ಕಾವ್ಯನಾಮಕ್ಕಿಂತ ಮೊದಲೇ ನಾಲ್ಕು ಹೆಸರು. ಆದ್ದರಿಂದ ಮೊದಲು ಪ್ಯಾನ್, ಆಧಾರ್ ಮತ್ತು ಬ್ಯಾಂಕ್ ಖಾತೆ, ಈ ಮೂರನ್ನು ಒಂದೇ ಹೆಸರಿಗೆ ತಂದುಕೊಳ್ಳಿ. ಹಳೆಯ ಶಾಲಾ ದಾಖಲೆ ಬೇರೆ ಇದ್ದರೆ, ಎರಡೂ ಹೆಸರಿನವರು ಒಬ್ಬರೇ ಎಂದು ವಿಲೇಜ್ ಆಫೀಸಿನಿಂದ ‘ಒನ್ ಆ್ಯಂಡ್ ದ ಸೇಮ್’ ಸರ್ಟಿಫಿಕೇಟ್ ಸಿಗುತ್ತದೆ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಆದರೆ ಆ ಸರ್ಟಿಫಿಕೇಟ್ ಇರುವುದು ದಾಖಲೆಯಿಂದ ದಾಖಲೆಗೆ ಬದಲಾದ ಹೆಸರನ್ನು ಹೊಂದಿಸುವುದಕ್ಕೆ. ಯಾವ ಸರಕಾರಿ ದಾಖಲೆಯಲ್ಲಿಯೂ ಇಲ್ಲದ ಕಾವ್ಯನಾಮಕ್ಕೆ ಅದನ್ನು ನಂಬಿಕೊಂಡು ಕೂರಬೇಡಿ. ಕಾವ್ಯನಾಮಕ್ಕೆ ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರವೇ ಸರಿಯಾದ ದಾರಿ: ‘ನಾನು ಇಂಥ ವರ್ಷದಿಂದ ಪಯಸ್ವಿನಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದೇನೆ, ಈವರೆಗೆ ಪ್ರಕಟವಾದ ಕೃತಿಗಳು ಇವು’ ಎಂದು ಪಟ್ಟಿ ಸಹಿತ ಬರೆದು ಸಹಿ ಮಾಡಿಡಿ. ಹಳೆಯ ಒಪ್ಪಂದಗಳಲ್ಲಿ ಕಾವ್ಯನಾಮ ಮಾತ್ರ ಇರುವವರಿಗೆ ಈಗ ಉಳಿದಿರುವ ಒಳ್ಳೆಯ ಪರಿಹಾರವೂ ಇದೇ. ಇದರ ಒಂದು ಪ್ರತಿಯನ್ನು ಪ್ರಕಾಶಕರಿಗೆ ಕಳುಹಿಸಿ, ಮುಟ್ಟಿದೆ ಎಂದು ಅವರಿಂದ ಉತ್ತರ ಪಡೆದಿಟ್ಟುಕೊಂಡರೆ ಹಳೆಯ ಪತ್ರದ ಕೊರತೆ ಬಹುಮಟ್ಟಿಗೆ ತುಂಬಿದಂತೆ.

ಈಗ ಬ್ಯಾಂಕಿಗೆ ಬರೋಣ. ಪ್ರಕಾಶಕರು ಪಯಸ್ವಿನಿ ಎಂಬ ಹೆಸರಿಗೇ ಚೆಕ್ ಬರೆದು, ಮೇಲೆ ಎರಡು ಗೆರೆ ಎಳೆದು ‘ಅಕೌಂಟ್ ಪೇಯಿ’ ಎಂದು ಬರೆದು ಅಂಚೆಯಲ್ಲಿ ಕಳುಹಿಸುತ್ತಾರೆ. ಬರೆದವರ ಮನಸ್ಸಿನಲ್ಲಿ ಗೌರವವೇ ಇದೆ. ಆದರೆ ಅಂಥ ಚೆಕ್ಕಿನ ಹಣವನ್ನು ಅದರಲ್ಲಿ ಹೆಸರಿಸಿದವರ ಖಾತೆಗಲ್ಲದೆ ಬೇರೆಯವರ ಖಾತೆಗೆ ಜಮಾ ಮಾಡಬಾರದೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಬ್ಯಾಂಕಿನವರ ಕಣ್ಣಿಗೆ ಪಯಸ್ವಿನಿ ಒಬ್ಬರು, ಸರಸ್ವತಿ ಕೆ. ಇನ್ನೊಬ್ಬರು. ಚೆಕ್ಕಿನ ಹಿಂಭಾಗದಲ್ಲಿ ಸಹಿ ಮಾಡಿ ಸ್ವಂತ ಹೆಸರಿಗೆ ತಿರುಗಿಸಿಕೊಳ್ಳುವುದೂ ಆಗುವುದಿಲ್ಲ. ಪ್ರಕಾಶಕರು ಹೆಸರನ್ನು ಹೊಡೆದು ತಿದ್ದಿ ಚಿಕ್ಕ ಸಹಿ ಹಾಕಿ ಕೊಟ್ಟರೂ ಸಾಲದು. ಈಗ ಚೆಕ್ಕುಗಳ ಚಿತ್ರವನ್ನೇ ತೆಗೆದು ವಿಲೇವಾರಿ ಮಾಡುವ ಪದ್ಧತಿಯಲ್ಲಿ ಹೆಸರು ತಿದ್ದಿದ ಚೆಕ್ ನಡೆಯುವುದಿಲ್ಲ, ಹೊಸ ಚೆಕ್ಕೇ ಬೇಕು. ಚೆಕ್ಕಿನ ಆಯುಷ್ಯ ಅದರ ಮೇಲಿನ ತಾರೀಕಿನಿಂದ ಮೂರು ತಿಂಗಳು ಮಾತ್ರ. ಆದ್ದರಿಂದ ತಪ್ಪು ಹೆಸರಿನ ಚೆಕ್ ಕೈಗೆ ಬಂದರೆ ನೆನಪಿಗೆಂದು ಕಪಾಟಿನಲ್ಲಿ ಇಡದೆ ಆ ವಾರವೇ ಹಿಂದಿರುಗಿಸಿ, ಖಾತೆಯ ಹೆಸರನ್ನು ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ ಸಹಿತ ತಿಳಿಸಿಬಿಡಿ.

ಆಗಲೇ ಹಿಂದಿನ ಸಾಲಿನಿಂದ ಮಾಸ್ಟ್ರೊಬ್ಬರು ಕೇಳಿದ ಪ್ರಶ್ನೆ ಇಲ್ಲಿಗೆ ಸೇರುತ್ತದೆ: ಕಾವ್ಯನಾಮದಲ್ಲೇ ಒಂದು ಉಳಿತಾಯ ಖಾತೆ ತೆರೆಯಬಾರದೇಕೆ? ತೆರೆಯಲಾಗುವುದಿಲ್ಲ. ಅನಾಮಧೇಯ ಅಥವಾ ಕಲ್ಪಿತ ಹೆಸರಿನಲ್ಲಿ ಖಾತೆ ತೆರೆಯಬಾರದು ಎಂಬುದು ಗ್ರಾಹಕರ ಗುರುತಿನ ಬಗ್ಗೆ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮಗಳಲ್ಲಿಯೇ ಇದೆ. ಆಧಾರ್, ಪಾಸ್‌ಪೋರ್ಟ್, ಮತದಾರರ ಚೀಟಿ, ಚಾಲನಾ ಪರವಾನಗಿ ಮುಂತಾದ ದಾಖಲೆಗಳಲ್ಲಿ ಇರುವ ಹೆಸರೇ ಖಾತೆಯ ಹೆಸರು. ಆ ಹೆಸರು ಮುಂದೆ ಬದಲಾದರೆ ಬ್ಯಾಂಕ್ ಒಪ್ಪಿಕೊಳ್ಳುವ ಆಧಾರಗಳು ಎರಡೇ: ಸರಕಾರ ಕೊಟ್ಟ ವಿವಾಹ ಪ್ರಮಾಣಪತ್ರ ಮತ್ತು ಗೆಜೆಟ್ ಪ್ರಕಟಣೆ. ಹಾಗಾದರೆ ಗೆಜೆಟಿನಲ್ಲಿ ಹೆಸರು ಬದಲಿಸಿ ಪಯಸ್ವಿನಿ ಎಂದೇ ಆಗಿಬಿಡಬಹುದಲ್ಲವೇ? ಆಗಬಹುದು. ಆದರೆ ಆಗ ಅದು ಕಾವ್ಯನಾಮವಾಗಿ ಉಳಿಯುವುದಿಲ್ಲ. ಆಧಾರ್, ಪ್ಯಾನ್, ಸೇವಾ ಪುಸ್ತಕ, ಪಿಂಚಣಿ, ಭೂಮಿಯ ಆಧಾರಪತ್ರ, ಎಲ್ಲವನ್ನೂ ಹಿಂದೆಯೇ ಬದಲಿಸಿಕೊಂಡು ಹೋಗಬೇಕು. ಬಿಟ್ಟುಹೋದ ಪ್ರತಿಯೊಂದು ದಾಖಲೆಯೂ ಮುಂದೆ ಒಂದೊಂದು ತಕರಾರು. ವೇದಿಕೆಯ ಹೆಸರೇ ಜೀವನೋಪಾಯವಾಗಿರುವ, ಮನೆಯವರೂ ಅದೇ ಹೆಸರಿನಿಂದ ಕರೆಯುವ ಕಲಾವಿದರಿಗೆ ಆ ಶ್ರಮ ಸಾರ್ಥಕವಾದೀತು. ವರ್ಷಕ್ಕೊಂದು ಪುಸ್ತಕ ಬರೆಯುವವರಿಗೆ ನಾನು ಅದನ್ನು ಹೇಳುವುದಿಲ್ಲ.

ನೇರವಾಗಿ ಖಾತೆಗೆ ಕಳುಹಿಸಿದರೆ ಹೆಸರಿನ ಪ್ರಶ್ನೆ ಬರುವುದಿಲ್ಲ ಎಂದು ಕೆಲವರು ಹೇಳುವುದುಂಟು. ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಹಣ ಜಮಾ ಆಗುವುದು ಖಾತೆಯ ಸಂಖ್ಯೆ ನೋಡಿಯೇ ಎಂಬುದು ನಿಜ. ಆದರೆ 2025ರ ಏಪ್ರಿಲ್ ಒಂದರೊಳಗೆ, ಹಣ ಕಳುಹಿಸುವವರಿಗೆ ಪಡೆಯುವವರ ಖಾತೆಯ ಹೆಸರನ್ನು ಮೊದಲೇ ತೋರಿಸುವ ಸೌಲಭ್ಯವನ್ನು ಬ್ಯಾಂಕುಗಳು ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಪ್ರಕಾಶಕರ ಲೆಕ್ಕದವರು ಪಯಸ್ವಿನಿಯವರದೆಂದು ಖಾತೆಯ ಸಂಖ್ಯೆ ಹಾಕಿ, ಪರದೆಯ ಮೇಲೆ ಸರಸ್ವತಿ ಕೆ. ಎಂದು ಕಂಡರೆ ಹಣ ತಡೆಹಿಡಿದು ಫೋನ್ ಮಾಡುತ್ತಾರೆ. ಅವರದು ತಪ್ಪಲ್ಲ. ಒಪ್ಪಂದದ ಮೊದಲ ವಾಕ್ಯ ಅವರ ಕಡತದಲ್ಲಿದ್ದರೆ ಆ ಫೋನ್ ಕರೆಯೇ ಬೇಕಾಗುವುದಿಲ್ಲ.

ಇನ್ನೊಂದು ದಾರಿಯನ್ನು ನಮ್ಮಲ್ಲಿ ಬಹಳ ಮಂದಿ, ವಿಶೇಷವಾಗಿ ಬರೆಯುವ ಹೆಣ್ಣುಮಕ್ಕಳು ಹಿಡಿಯುತ್ತಾರೆ: ಹಣವನ್ನು ಗಂಡನ ಅಥವಾ ಅಣ್ಣನ ಖಾತೆಗೆ ಹಾಕಿಸಿಬಿಡುವುದು. ಇದನ್ನು ದಯವಿಟ್ಟು ಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ. ಮೊದಲ ಕಾರಣ ತೆರಿಗೆ. ಲೆಕ್ಕ ಹಾಕಿ ನೋಡೋಣ. ಪಯಸ್ವಿನಿಯ ಪುಸ್ತಕದ ಬೆಲೆ 250 ರೂಪಾಯಿ, ರಾಯಲ್ಟಿ ಮುಖಬೆಲೆಯ ಶೇಕಡಾ 10. ಅಂದರೆ ಪ್ರತಿಗೆ 25 ರೂಪಾಯಿ, ಸಾವಿರ ಪ್ರತಿಗೆ 25,000. ಒಂದು ವರ್ಷ ಎರಡು ಪುಸ್ತಕಗಳು ಸೇರಿ 2,400 ಪ್ರತಿ ಮಾರಾಟವಾಗಿ 60,000 ರೂಪಾಯಿ ಬಂತು ಎಂದಿಟ್ಟುಕೊಳ್ಳಿ. 2025ರ ಏಪ್ರಿಲಿನಿಂದ, ಒಬ್ಬ ಪ್ರಕಾಶಕರು ಒಬ್ಬ ಲೇಖಕರಿಗೆ ವರ್ಷದಲ್ಲಿ ಕೊಡುವ ರಾಯಲ್ಟಿ 50,000 ದಾಟಿದರೆ ಶೇಕಡಾ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿದು ಸರಕಾರಕ್ಕೆ ಕಟ್ಟಬೇಕು. ವ್ಯಕ್ತಿಯಾಗಿ ವ್ಯವಹಾರ ನಡೆಸುವ ಸಣ್ಣ ಪ್ರಕಾಶಕರಿಗೆ ಮಾತ್ರ ಈ ಹೊಣೆ ಇಲ್ಲ. ಹಾಗಾಗಿ 6,000 ಕಡಿತವಾಗಿ 54,000 ಕೈಗೆ ಬರುತ್ತದೆ. ಆ 6,000 ಎಲ್ಲಿಗೂ ಹೋಗಿಲ್ಲ, ಸರಸ್ವತಿಯವರ ಪ್ಯಾನ್ ಸಂಖ್ಯೆಯ ಎದುರು ಜಮಾ ಆಗಿದೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ಮರಳಿ ಪಡೆಯಬಹುದು.

ಪ್ಯಾನ್ ಕೊಡದೆ ಬರಿಯ ಪಯಸ್ವಿನಿ ಎಂಬ ಹೆಸರು ಕೊಟ್ಟರೆ ಕಡಿತ ಶೇಕಡಾ 20, ಅಂದರೆ 12,000. ಅದು ಯಾರ ಪ್ಯಾನಿನ ಎದುರೂ ಇಲ್ಲದಿರುವುದರಿಂದ ನಿಮ್ಮದೆಂದು ತೋರಿಸಿ ಪಡೆಯುವುದು ಕಷ್ಟ. ಗಂಡನ ಖಾತೆ ಮತ್ತು ಗಂಡನ ಪ್ಯಾನ್ ಕೊಟ್ಟರೆ, ದಾಖಲೆಗಳ ಪ್ರಕಾರ ಆ ಆದಾಯ ಅವರದಾಗಿಬಿಡುತ್ತದೆ. ಜೊತೆಗೆ ಇನ್ನೊಂದು ನಷ್ಟ. ಸಾಹಿತ್ಯ ಕೃತಿಗಳ ಲೇಖಕರಿಗೆ ರಾಯಲ್ಟಿ ಆದಾಯದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗೆ ವಿನಾಯಿತಿ ಕೇಳುವ ಅವಕಾಶ ಹಳೆಯ ತೆರಿಗೆ ಪದ್ಧತಿಯಲ್ಲಿದೆ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಇಲ್ಲ, ಶಾಲಾ ಪಠ್ಯಪುಸ್ತಕ ಮತ್ತು ಗೈಡುಗಳಿಗೂ ಇಲ್ಲ. ಅದನ್ನು ಕೇಳಬೇಕಾದರೆ ಪ್ರಕಾಶಕರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬೇಕು ಮತ್ತು ಕೇಳುವವರು ಆ ಕೃತಿಯ ಲೇಖಕರೇ ಆಗಿರಬೇಕು. ಬರೆದವರು ಹೆಂಡತಿ, ಹಣ ಬಂದದ್ದು ಗಂಡನಿಗೆ ಎಂದಾದರೆ ಇಬ್ಬರಿಗೂ ಅದು ಸಿಗುವುದಿಲ್ಲ. ಎರಡನೆಯ ಕಾರಣ ತೆರಿಗೆಗಿಂತ ದೊಡ್ಡದು. ‘ನಾನೇ ಪಯಸ್ವಿನಿ’ ಎಂದು ತೋರಿಸುವ ಅತ್ಯಂತ ಗಟ್ಟಿಯಾದ ಸಾಕ್ಷ್ಯವೆಂದರೆ ವರ್ಷವರ್ಷವೂ ನಿಮ್ಮ ಖಾತೆಗೆ ಬಂದ ರಾಯಲ್ಟಿ. ಅದನ್ನು ಇನ್ನೊಬ್ಬರ ಖಾತೆಗೆ ತಿರುಗಿಸಿದರೆ ನಿಮ್ಮ ಸಾಕ್ಷ್ಯವನ್ನು ನೀವೇ ಅವರ ಕೈಗೆ ಕೊಟ್ಟಂತೆ.

ಇಲ್ಲಿಯವರೆಗೆ ಹೇಳಿದ್ದು ಹೆಸರನ್ನು ಮುಚ್ಚಿಡುವ ಉದ್ದೇಶ ಇಲ್ಲದವರ ಬಗ್ಗೆ. ನಿಜವಾಗಿ ಗುಟ್ಟಾಗಿ ಇರಬೇಕೆನ್ನುವವರೂ ಇದ್ದಾರೆ. ಮನೆಯೊಳಗಿನ ವಿಷಯ ಬರೆಯುವವರು, ಊರಿನ ದೊಡ್ಡವರ ಬಗ್ಗೆ ಬರೆಯುವವರು, ನೌಕರಿಯಲ್ಲಿ ಇರುವವರು. ಕೊನೆಯವರಿಗೆ ಒಂದು ಮಾತು: ಕಾವ್ಯನಾಮ ನೌಕರಿಯ ನಿಯಮಗಳಿಂದ ರಕ್ಷಣೆ ಕೊಡುವುದಿಲ್ಲ. ಕೇಂದ್ರ ಸರಕಾರಿ ನೌಕರರ ನಡತೆಯ ನಿಯಮಗಳಲ್ಲಿ ಪತ್ರಿಕಾ ಬರಹದ ಬಗ್ಗೆ ಹೇಳುವಾಗ ಸ್ವಂತ ಹೆಸರು, ಅನಾಮಧೇಯ, ಕಾವ್ಯನಾಮ, ಮೂರನ್ನೂ ಸೇರಿಸಿಯೇ ಹೇಳಲಾಗಿದೆ. ಅನುಮತಿ ಬೇಕಾದ ಬರಹಕ್ಕೆ ಹೆಸರು ಬದಲಿಸಿದರೂ ಅನುಮತಿ ಬೇಕು.

ಗುಟ್ಟು ಕಾಯಬೇಕೆನ್ನುವವರು ಪ್ರಕಾಶಕರಿಂದಲೇ ಗುಟ್ಟು ಮಾಡಲು ಹೋಗಬಾರದು. ಪ್ಯಾನ್ ಮತ್ತು ಖಾತೆ ಕೊಡದೆ ಹಣ ಬರುವುದಿಲ್ಲ. ನಿಜನಾಮವನ್ನು ಲಿಖಿತ ಅನುಮತಿ ಇಲ್ಲದೆ ಯಾರಿಗೂ ತಿಳಿಸಬಾರದು, ಸಂಸ್ಥೆಯೊಳಗೆ ಲೆಕ್ಕ ನೋಡುವವರಿಗೆ ಮಾತ್ರ ತಿಳಿದಿರಬೇಕು ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಣಿ ಮಾಡಿಸುವ ಮೊದಲು ಯೋಚಿಸಬೇಕು, ಏಕೆಂದರೆ ಆ ನೋಂದಣಿ ಪುಸ್ತಕ ಸಾರ್ವಜನಿಕರ ಪರಿಶೀಲನೆಗೆ ತೆರೆದಿರುತ್ತದೆ. ನೋಂದಣಿ ಇಲ್ಲದಿದ್ದರೂ ಹಕ್ಕು ಇದ್ದೇ ಇರುತ್ತದೆ. ಯಾರಾದರೂ ನಿಮ್ಮ ಪುಸ್ತಕವನ್ನು ಕದ್ದು ಅಚ್ಚು ಹಾಕಿದರೆ ಏನು ಮಾಡಬೇಕು, ನ್ಯಾಯಾಲಯಕ್ಕೆ ಹೋದರೆ ಹೆಸರು ಹೊರಬೀಳುವುದಲ್ಲವೇ ಎಂದು ನೀವು ಕೇಳಬಹುದು. ಇದಕ್ಕೆ ಕಾಯ್ದೆಯ 54ನೆಯ ಕಲಮಿನಲ್ಲಿ ಒಂದು ಒಳ್ಳೆಯ ಏರ್ಪಾಡು ಇದೆ, ಹೆಚ್ಚಿನ ಲೇಖಕರಿಗೆ ಅದು ತಿಳಿದಿರುವುದಿಲ್ಲ. ಕಾವ್ಯನಾಮದಲ್ಲಿ ಪ್ರಕಟವಾದ ಕೃತಿಯ ಲೇಖಕರ ಗುರುತು ಹೊರಬರುವವರೆಗೆ, ಸಿವಿಲ್ ದಾವೆಯ ಮಟ್ಟಿಗೆ, ಪ್ರಕಾಶಕರನ್ನೇ ಹಕ್ಕುದಾರರೆಂದು ಪರಿಗಣಿಸಲಾಗುತ್ತದೆ. ಅವರು ತಮ್ಮ ಹೆಸರಿನಲ್ಲಿ ದಾವೆ ಹೂಡಬಹುದು, ನೀವು ತೆರೆಯ ಹಿಂದೆಯೇ ಉಳಿಯಬಹುದು.

ಆದರೆ ಈ ಏರ್ಪಾಡು ಎರಡು ಅಲಗಿನದು. ಪ್ರಕಾಶಕರೇ ನಿಮಗೆ ಮೋಸ ಮಾಡಿದರೆ? ಆಗ ಮೊದಲು ನೀವು ನಿಮ್ಮ ಗುರುತನ್ನು ಸ್ಥಾಪಿಸಲೇಬೇಕು. ಅದಕ್ಕಾಗಿಯೇ ಗುಟ್ಟಿನ ಲೇಖಕರಿಗೆ ಸಹಿಯಾದ ಒಪ್ಪಂದ ಇತರರಿಗಿಂತ ಹೆಚ್ಚು ಅಗತ್ಯ. ಅದರ ಮೂಲಪ್ರತಿ ಒಂದು ನಿಮ್ಮ ಕೈಯಲ್ಲೇ ಇರಬೇಕು.

ಗುಟ್ಟಿಗೆ ಇನ್ನೊಂದು ಬೆಲೆ ಇದೆ, ಅದು ಹಕ್ಕಿನ ಅವಧಿಯದು. ಸಾಮಾನ್ಯವಾಗಿ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಜೀವಿತಕಾಲ ಪೂರ್ತಿ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ ಇನ್ನೂ 60 ವರ್ಷ ಇರುತ್ತದೆ. ಗುರುತು ಹೊರಬರದ ಕಾವ್ಯನಾಮದ ಕೃತಿಗೆ 23ನೆಯ ಕಲಮಿನ ಪ್ರಕಾರ ಆ 60 ವರ್ಷಗಳನ್ನು ಎಣಿಸುವುದು ಸಾವಿನಿಂದ ಅಲ್ಲ, ಮೊದಲ ಪ್ರಕಟಣೆಯ ಮರುವರ್ಷದಿಂದ. ತ್ರಿವೇಣಿಯವರನ್ನು ತೆಗೆದುಕೊಳ್ಳಿ. ಅದು ಅನಸೂಯಾ ಶಂಕರ್ ಅವರ ಕಾವ್ಯನಾಮ ಎಂಬುದು ಕನ್ನಡಿಗರೆಲ್ಲರಿಗೂ ಗೊತ್ತು. ಅವರು ತೀರಿಕೊಂಡದ್ದು 1963ರಲ್ಲಿ. ಆದ್ದರಿಂದ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು 2023ರ ಡಿಸೆಂಬರ್ ಕೊನೆಯವರೆಗೆ ಉಳಿಯಿತು. ಆ ಹೆಸರಿನ ಹಿಂದೆ ಯಾರಿದ್ದಾರೆ ಎಂಬುದು ಹೊರಬರದೇ ಇದ್ದಿದ್ದರೆ, 1953ರಲ್ಲಿ ಪ್ರಕಟವಾದ ಒಂದು ಕೃತಿಯ ಹಕ್ಕು 2013ರ ಕೊನೆಗೇ ಮುಗಿದುಹೋಗುತ್ತಿತ್ತು. ಚಿಕ್ಕ ವಯಸ್ಸಿನಲ್ಲಿ ಅಗಲಿದವರ ಮಟ್ಟಿಗೇ ಹತ್ತು ವರ್ಷದ ಅಂತರ. ನಮ್ಮ ಪಯಸ್ವಿನಿಯವರ ಪುಸ್ತಕ 2026ರಲ್ಲಿ ಬಂದು, ಅವರು 2066ರವರೆಗೆ ಬದುಕಿದರೆ, ಗುರುತು ತಿಳಿದ ಕೃತಿಗೆ 2126ರವರೆಗೆ, ತಿಳಿಯದ ಕೃತಿಗೆ 2086ರವರೆಗೆ ಹಕ್ಕು. ಮಕ್ಕಳು ಮೊಮ್ಮಕ್ಕಳ ಪಾಲಿನ ನಲವತ್ತು ವರ್ಷ.

ಈ ನಷ್ಟ ಸರಿಪಡಿಸಲಾಗದ್ದಲ್ಲ. ಪ್ರಕಟಣೆಯಿಂದ ಎಣಿಸಿದ 60 ವರ್ಷ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಗುರುತನ್ನು ಬಹಿರಂಗಪಡಿಸಿದರೆ ಪೂರ್ತಿ ಅವಧಿ ಸಿಗುತ್ತದೆ. ಆದರೆ ಬಹಿರಂಗಪಡಿಸುವುದು ಎಂದರೆ ಸಭೆಯೊಂದರಲ್ಲಿ ‘ಪಯಸ್ವಿನಿ ನಾನೇ’ ಎಂದು ಹೇಳಿಬಿಡುವುದಲ್ಲ. ಲೇಖಕರು ಮತ್ತು ಪ್ರಕಾಶಕರು ಇಬ್ಬರೂ ಸಾರ್ವಜನಿಕವಾಗಿ ತಿಳಿಸಬೇಕು, ಇಲ್ಲವೇ ಲೇಖಕರು ಅದನ್ನು ಬೇರೆ ರೀತಿಯಲ್ಲಿ ಸಂಬಂಧಪಟ್ಟ ನ್ಯಾಯಾಲಯಕ್ಕೆ ತೃಪ್ತಿಯಾಗುವಂತೆ ರುಜುವಾತುಪಡಿಸಬೇಕು. ಸುಲಭವಾದ ವಿಧಾನ ಪುಸ್ತಕದ ಹಕ್ಕುಗಳ ಪುಟ. ‘© ಸರಸ್ವತಿ ಕೆ. (ಪಯಸ್ವಿನಿ)’ ಎಂದು ಪ್ರಕಾಶಕರು ಅಲ್ಲಿ ಅಚ್ಚು ಹಾಕಿದರೆ ಇಬ್ಬರ ಒಪ್ಪಿಗೆಯೂ ಒಂದೇ ಸಾಲಿನಲ್ಲಿ ದಾಖಲಾಗುತ್ತದೆ. ಮುಖಪುಟ ಹಾಗೆಯೇ ಇರಲಿ. ಇದುವರೆಗೆ ಕಾವ್ಯನಾಮ ಮಾತ್ರ ಅಚ್ಚಾಗಿರುವವರು ಮುಂದಿನ ಮುದ್ರಣದಲ್ಲಿ ಈ ಸಾಲನ್ನು ಸೇರಿಸಲು ಹೇಳಿ. ಪ್ರಕಾಶಕರಿಗೆ ಇದರಿಂದ ಒಂದು ಪೈಸೆಯ ಖರ್ಚೂ ಇಲ್ಲ.

ವೇದಿಕೆಯವರ ಕಡೆಗೆ ಬರುತ್ತೇನೆ. ನಿಮ್ಮಲ್ಲಿ ಭಾವಗೀತೆ, ಭಕ್ತಿಗೀತೆ ಬರೆಯುವವರೂ ಹಾಡುವವರೂ ಇದ್ದೀರಿ. ಗೀತೆ ಬರೆದವರ ಮತ್ತು ರಾಗ ಹಾಕಿದವರ ರಾಯಲ್ಟಿಯನ್ನು ಒಟ್ಟುಗೂಡಿಸಿ ಹಂಚುವ ಸಂಸ್ಥೆ ಐಪಿಆರ್‌ಎಸ್. ಹಾಡುಗಾರರಿಗೆ, ಮೊದಲು ಇಸ್ರಾ ಎಂದಿದ್ದ, ಈಗ ಇಸಮ್ರಾ ಎಂಬ ಹೆಸರಿನ ಬೇರೆ ಸಂಸ್ಥೆ ಇದೆ. ಐಪಿಆರ್‌ಎಸ್‌ನಲ್ಲಿ ಸದಸ್ಯರಾದಾಗ ನಿಮಗೆ ಒಂದು ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ ಬರುತ್ತದೆ. ಆ ಏರ್ಪಾಡಿನಲ್ಲಿ ನಿಜನಾಮದ ಜೊತೆಗೆ ಕಾವ್ಯನಾಮಗಳನ್ನೂ ಒಬ್ಬರೇ ವ್ಯಕ್ತಿಗೆ ಜೋಡಿಸಿ ನಮೂದಿಸಲು ಅವಕಾಶವಿದೆ. ಇಲ್ಲಿ ಕೆಡುವುದು ಹೀಗೆ: ಒಂದು ಧ್ವನಿಸುರುಳಿಯ ಕಾಲದ ಹಾಡಿನಲ್ಲಿ ‘ಪಯಸ್ವಿನಿ’, ಇನ್ನೊಂದು ಆಲ್ಬಂನಲ್ಲಿ ‘ಪಯಸ್ವಿನಿ ಬದಿಯಡ್ಕ’, ಮೂರನೆಯದನ್ನು ಅಂತರಜಾಲಕ್ಕೆ ಏರಿಸಿದವರು ಹಾಕಿದ್ದು ‘ಸರಸ್ವತಿ’. ಹಾಡು ಓಡುತ್ತದೆ, ಲೆಕ್ಕ ಬರುತ್ತದೆ, ಆದರೆ ನೋಂದಣಿಯಾದ ಹೆಸರಿಗೆ ಹೊಂದದ ಹಾಡಿನ ಹಣ ಹಂಚಿಕೆಯಾಗದೆ ಉಳಿಯುತ್ತದೆ. ಆದ್ದರಿಂದ ಸದಸ್ಯತ್ವದ ಅರ್ಜಿಯಲ್ಲಿ ನೀವು ಇದುವರೆಗೆ ಬಳಸಿದ ಎಲ್ಲ ಹೆಸರುಗಳನ್ನೂ, ಇಂಗ್ಲಿಷ್ ಅಕ್ಷರಗಳಲ್ಲಿ ಅವು ಹೇಗೆ ಅಚ್ಚಾಗಿವೆಯೋ ಹಾಗೆಯೇ, ಕೊಡಿ. ಹೊಸ ಹಾಡುಗಳಿಗೆ ಒಂದೇ ಬರವಣಿಗೆಯನ್ನು ಹಿಡಿದುಕೊಳ್ಳಿ. ಪ್ರತಿ ಹಾಡನ್ನೂ ಬೇರೆಬೇರೆಯಾಗಿ ಸಂಸ್ಥೆಗೆ ತಿಳಿಸಬೇಕು ಎಂಬುದನ್ನೂ ಮರೆಯಬೇಡಿ. ಸದಸ್ಯರಾದ ಮಾತ್ರಕ್ಕೆ ಹಾಡುಗಳು ತಾವಾಗಿ ಪಟ್ಟಿಗೆ ಸೇರುವುದಿಲ್ಲ.

ತಂಡ ಕಟ್ಟಿಕೊಂಡು ಕಾರ್ಯಕ್ರಮ ಕೊಡುವವರಿಗೆ ಲೇಖಕರಿಗಿಲ್ಲದ ಒಂದು ಅನುಕೂಲವಿದೆ. ಗಾನಮೇಳವೋ ಮಿಮಿಕ್ರಿಯೋ ಒಂದು ವ್ಯವಹಾರವಾಗಿ ನಡೆಯುತ್ತಿದ್ದರೆ, ಆ ಹೆಸರಿನಲ್ಲಿ ಉದ್ಯಮ್ ನೋಂದಣಿ ಅಥವಾ ಪಂಚಾಯತಿನ ಪರವಾನಗಿಯಂಥ ದಾಖಲೆ ಮಾಡಿಸಿ, ಏಕಮಾಲಕತ್ವದ ಚಾಲ್ತಿ ಖಾತೆ ತೆರೆಯಬಹುದು. ಆಗ ಆ ಹೆಸರಿಗೆ ಬರೆದ ಚೆಕ್ ನೇರವಾಗಿ ಜಮಾ ಆಗುತ್ತದೆ. ಸಾಮಾನ್ಯವಾಗಿ ಇಂಥ ಎರಡು ದಾಖಲೆಗಳನ್ನು ಬ್ಯಾಂಕ್ ಕೇಳುತ್ತದೆ. ಪ್ಯಾನ್ ಮಾತ್ರ ಮಾಲಕರದ್ದೇ, ಆದಾಯವೂ ಅವರದೇ. ಕಥೆಗಾರರೊಬ್ಬರಿಗೆ ಇಷ್ಟು ಏರ್ಪಾಡು ಹೊರೆಯೇ ಸರಿ.

ಕಲಾವಿದರು ಹೆಚ್ಚು ಎಚ್ಚರ ವಹಿಸಬೇಕಾದ್ದು ಹೆಸರು ಯಾರದು ಎಂಬ ಪ್ರಶ್ನೆಯಲ್ಲಿ. ಹೆಸರಿನ ಮೇಲೆ ಕೃತಿಸ್ವಾಮ್ಯ ಎಂಬುದಿಲ್ಲ. ಅದನ್ನು ಕಾಪಾಡುವುದು ಟ್ರೇಡ್‌ಮಾರ್ಕ್ ಕಾನೂನು. ನೋಂದಣಿ ಒಮ್ಮೆಗೆ ಹತ್ತು ವರ್ಷಕ್ಕೆ, ಆಮೇಲೆ ನವೀಕರಿಸಬಹುದು, ಮನರಂಜನೆಯ ಸೇವೆಗಳು 41ನೆಯ ವರ್ಗದಲ್ಲಿ ಬರುತ್ತವೆ. ತಂಡದ ಮಾಲಕರೋ ಆಲ್ಬಂ ಮಾಡುವ ಕಂಪೆನಿಯವರೋ ನಿಮಗೆ ಹೊಸ ಹೆಸರು ಇಟ್ಟು ಪ್ರಚಾರ ಮಾಡಿ, ‘ಈ ಹೆಸರು ಕಂಪೆನಿಯ ಸ್ವತ್ತು’ ಎಂಬ ಒಂದು ಸಾಲನ್ನು ಒಪ್ಪಂದದ ನಡುವೆ ಸೇರಿಸಿದರೆ, ಬಿಟ್ಟು ಬರುವ ದಿನ ನೀವು ಹೆಸರಿಲ್ಲದೆ ಬರಬೇಕಾಗುತ್ತದೆ. ವಾರಪತ್ರಿಕೆಗಳ ಅಂಕಣಗಳಿಗೂ ಇದೇ ಮಾತು, ಅಲ್ಲಿ ಒಂದೇ ಕಾವ್ಯನಾಮದಲ್ಲಿ ಹಲವರು ಬರೆಯುವುದುಂಟು. ‘ಹೆಸರು ಕಲಾವಿದರದು, ಒಪ್ಪಂದ ಮುಗಿದ ಮೇಲೆಯೂ ಅದನ್ನು ಬಳಸುವ ಹಕ್ಕು ಅವರಿಗೇ’ ಎಂದು ಬರೆಸಿಕೊಳ್ಳಿ. ಅದಕ್ಕೆ ಒಪ್ಪದಿದ್ದರೆ ಸಂಭಾವನೆ ಎಷ್ಟೇ ಇರಲಿ, ಆ ಹೆಸರನ್ನು ನಿಮ್ಮದೆಂದು ಬೆಳೆಸಬೇಡಿ.

ಕೊನೆಯದಾಗಿ ವಾರಸುದಾರರ ವಿಚಾರ. ಲೇಖಕರು ತೀರಿಕೊಂಡ ಮೇಲೆ ಹಕ್ಕು ವಾರಸುದಾರರಿಗೆ ಹೋಗುತ್ತದೆ. ಉಯಿಲಿನ ಮೂಲಕ ಬೇಕಾದವರಿಗೆ ಕೊಡಬಹುದು. ತಹಶೀಲ್ದಾರರು ಕೊಡುವ ವಾರಸುದಾರಿಕೆ ಸರ್ಟಿಫಿಕೇಟಿನಲ್ಲಿ ಇರುವುದು ಸರಸ್ವತಿ ಕೆ. ಅವರ ಮಕ್ಕಳ ಹೆಸರು. ಅದನ್ನು ಹಿಡಿದು ಹೋದರೆ, ನಮ್ಮ ಲೆಕ್ಕದಲ್ಲಿ ಇರುವುದು ಪಯಸ್ವಿನಿ ಎಂದು ಪ್ರಕಾಶಕರು ಹೇಳಿದಾಗ ಉತ್ತರಿಸಲು ಲೇಖಕರೇ ಇರುವುದಿಲ್ಲ. ಬ್ಯಾಂಕಿನಲ್ಲಿ ನಾಮಿನಿ ಇದ್ದಾರಲ್ಲ ಎಂದು ಸಮಾಧಾನ ಪಡಬೇಡಿ. ನಾಮಿನಿಗೆ ಸಿಗುವುದು ಖಾತೆಯಲ್ಲಿ ಈಗಾಗಲೇ ಇರುವ ಹಣ, ಮುಂದೆ ಬರುವ ರಾಯಲ್ಟಿಯ ಹಕ್ಕಲ್ಲ. ಆದ್ದರಿಂದ ಉಯಿಲು ಬರೆಯುವಾಗ ‘ಪಯಸ್ವಿನಿ ಎಂಬ ಕಾವ್ಯನಾಮದಲ್ಲಿ ನಾನು ಬರೆದ ಎಲ್ಲ ಕೃತಿಗಳ ಹಕ್ಕು’ ಎಂದು ಸ್ಪಷ್ಟವಾಗಿ ನಮೂದಿಸಿ, ಪ್ರಕಟವಾಗದ ಹಸ್ತಪ್ರತಿಗಳನ್ನೂ ಅದರಲ್ಲಿ ಸೇರಿಸಿ. ಒಪ್ಪಂದಗಳು, ನೋಟರಿಯ ಪ್ರಮಾಣಪತ್ರ, ರಾಯಲ್ಟಿ ಜಮಾ ಆದ ಪುಟಗಳ ಪ್ರತಿ, ಹಕ್ಕುಗಳ ಪುಟ ತೋರುವಂತೆ ಪ್ರತಿಯೊಂದು ಪುಸ್ತಕದ ಒಂದು ಪ್ರತಿ, ಇವನ್ನು ಒಂದೇ ಕಡತದಲ್ಲಿಟ್ಟು, ಅದು ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ಗುಟ್ಟಿನ ಲೇಖಕರು ಅದನ್ನು ಮುದ್ರೆ ಹಾಕಿದ ಲಕೋಟೆಯಲ್ಲಿ ವಕೀಲರ ಬಳಿ ಇಡಬಹುದು. ಯಾವಾಗ, ಯಾರಿಗೆ ಕೊಡಬೇಕೆಂಬುದನ್ನು ಲಕೋಟೆಯ ಮೇಲೆಯೇ ಬರೆದಿರಬೇಕು.